ಎಂಟು ಜನರಿಗೆ ಒಂದು ಕೃತಜ್ಞತಾ ಪತ್ರ: ಯಾರ ಬಗ್ಗೆ ಏನು ಬರೆಯುವುದು?

ಪ್ರಶ್ನೆ: ನಮ್ಮ ಸಾಹಿತ್ಯ ಸಂಘದ ಮಾಸಪತ್ರಿಕೆಯ 1971ರಿಂದ 2004ರವರೆಗಿನ ಸಂಚಿಕೆಗಳನ್ನು ಗಣಕಕ್ಕೆ ಏರಿಸಿ, ಪದ ಹಾಕಿ ಹುಡುಕುವಂತೆ ಮಾಡುವ ಕೆಲಸ ಹದಿನಾಲ್ಕು ತಿಂಗಳಿಗೆ ಮುಗಿಯಿತು. ನಾನು ಸಂಯೋಜಕಿ, ನನ್ನ ಜೊತೆ ಎಂಟು ಜನ ದುಡಿದಿದ್ದಾರೆ. ಪ್ರತಿಯೊಬ್ಬರ ಹೆಸರು ಹಿಡಿದು ಕೃತಜ್ಞತೆಯ ಪತ್ರ ಬರೆಯಬೇಕೆಂದಿದ್ದೇನೆ. ಆದರೆ ಒಬ್ಬರಿಗೆ ಎರಡು ಸಾಲು ಹೆಚ್ಚಾದರೆ ಇನ್ನೊಬ್ಬರು ಮುಖ ಊದಿಸಿಕೊಳ್ಳುತ್ತಾರೆ ಎಂಬ ಭಯವಿದೆ. ಒಬ್ಬರು ಅರ್ಧದಲ್ಲೇ ಬಿಟ್ಟುಹೋದರು, ಇನ್ನೊಬ್ಬರ ಕೆಲಸ ಅಷ್ಟು ಚೆನ್ನಾಗಿರಲಿಲ್ಲ. ‘ಎಲ್ಲರಿಗೂ ಧನ್ಯವಾದ ಎಂದು ಎರಡು ಸಾಲಿನಲ್ಲಿ ಮುಗಿಸಿಬಿಡಿ’ ಎನ್ನುತ್ತಾರೆ ಸಂಘದ ಹಿರಿಯರು. ನನ್ನ ಕರಡನ್ನು ಜೊತೆಗೆ ಇಟ್ಟಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಹಿರಿಯರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಮ್ಮ ಸಭೆಗಳಲ್ಲಿ ವಂದನಾರ್ಪಣೆ ಶುರುವಾಗುತ್ತಿದ್ದಂತೆ ಅರ್ಧ ಸಭಾಂಗಣ ಎದ್ದು ಚಪ್ಪಲಿ ಹುಡುಕತೊಡಗುವುದನ್ನು ಅವರು ಎಷ್ಟೋ ಸಲ ನೋಡಿರುತ್ತಾರೆ; ಹೆಸರು ಓದಿದ್ದರಿಂದ ಆದ ಸಂತೋಷಕ್ಕಿಂತ ಹೆಸರು ಬಿಟ್ಟದ್ದರಿಂದ ಆದ ಮುನಿಸನ್ನು ಹೆಚ್ಚು ದಿನ ನೆನಪಿಟ್ಟುಕೊಂಡಿರುತ್ತಾರೆ. ಆದರೆ ಆ ಅನುಭವದಿಂದ ಅವರು ತೆಗೆದ ತೀರ್ಮಾನ ಮಾತ್ರ ಸರಿಯಲ್ಲ. ಮುನಿಸು ಬರುವುದು ಹೆಸರು ಹೇಳಿದ್ದರಿಂದಲ್ಲ, ಹೆಸರಿನ ಮುಂದೆ ಏನು ಹೇಳಬೇಕೆಂದು ತಿಳಿದುಕೊಳ್ಳದೆ ಹೇಳಿದ್ದರಿಂದ. ‘ಕೃತಜ್ಞ’ ಎಂಬ ಪದವನ್ನು ಬಿಡಿಸಿದರೆ ಮಾಡಿದ್ದನ್ನು ಬಲ್ಲವನು ಎಂದೇ ಅರ್ಥ ಬರುತ್ತದೆ. ಇಂಥ ಪತ್ರದ ಕೆಲಸದಲ್ಲಿ ಮುಕ್ಕಾಲು ಪಾಲು ಯಾರು ಏನು ಮಾಡಿದರು ಎಂಬುದನ್ನು ಪತ್ತೆ ಮಾಡುವುದರಲ್ಲಿ ಇದೆ, ಬರೆಯುವುದಕ್ಕೆ ಬೇಕಾಗುವುದು ಉಳಿದ ಕಾಲು ಪಾಲಷ್ಟೇ. ಪ್ರಕಟಣಾಲಯಗಳ ಮತ್ತು ಸಂಸ್ಥೆಗಳ ಪತ್ರವ್ಯವಹಾರವನ್ನು ತಿದ್ದಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ನಾನು ನೋಡಿದ ಕೆಟ್ಟ ಕೃತಜ್ಞತಾ ಪತ್ರಗಳೆಲ್ಲ ಭಾಷೆಯಲ್ಲಿ ಸೋತವಲ್ಲ, ಮಾಹಿತಿಯಲ್ಲಿ ಸೋತವು.

ನಿಮ್ಮ ಕರಡನ್ನೇ ತೆಗೆದುಕೊಳ್ಳುತ್ತೇನೆ. ‘ಸಂಚಿಕೆಗಳನ್ನು ಸಂಗ್ರಹಿಸಲಾಯಿತು, ಪುಟಗಳನ್ನು ಸ್ಕ್ಯಾನ್ ಮಾಡಲಾಯಿತು, ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಲಾಯಿತು, ಕರಡು ತಿದ್ದಲಾಯಿತು. ಈ ಕಾರ್ಯದಲ್ಲಿ ಅವಿರತವಾಗಿ ಶ್ರಮಿಸಿ ಅಮೂಲ್ಯ ಸಹಕಾರ ನೀಡಿದ ಈ ಕೆಳಕಂಡವರಿಗೆ ಹೃತ್ಪೂರ್ವಕ ಧನ್ಯವಾದಗಳು’ ಎಂದು ಬರೆದು, ಕೆಳಗೆ ಎಂಟು ಹೆಸರುಗಳನ್ನು ಕೊಟ್ಟಿದ್ದೀರಿ. ಇದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ‘ಲಾಯಿತು’ ಎಂದು ಮುಗಿಯುವ ವಾಕ್ಯದಲ್ಲಿ ಮಾಡಿದವರು ಕಾಣದಂತಾಗುತ್ತಾರೆ ಎಂಬುದನ್ನು ಗಮನಿಸಿ. ಕಚೇರಿಯ ಕನ್ನಡ ಈ ರೂಪವನ್ನು ಬೆಳೆಸಿಕೊಂಡಿರುವುದೇ ಹೊಣೆ ಯಾರದೆಂದು ತಿಳಿಯದಿರಲಿ ಎಂಬ ಕಾರಣಕ್ಕೆ; ಕೃತಜ್ಞತೆಯ ಪತ್ರಕ್ಕೆ ಬೇಕಾದದ್ದು ಅದಕ್ಕೆ ಪೂರ್ತಿ ವಿರುದ್ಧವಾದದ್ದು. ಕೆಲಸಗಳೆಲ್ಲ ಮೇಲಿನ ವಾಕ್ಯದಲ್ಲಿ ಕರ್ತೃವಿಲ್ಲದೆ ನಿಂತಿವೆ, ಕರ್ತೃಗಳೆಲ್ಲ ಕೆಳಗಿನ ಪಟ್ಟಿಯಲ್ಲಿ ಕೆಲಸವಿಲ್ಲದೆ ನಿಂತಿದ್ದಾರೆ. ಇವೆರಡನ್ನು ಜೋಡಿಸುವುದಷ್ಟೇ ನೀವು ಮಾಡಬೇಕಾದದ್ದು, ಆದರೆ ಜೋಡಿಸಲು ಹೊರಟಾಗಲೇ ಎಷ್ಟು ಗೊತ್ತಿಲ್ಲ ಎಂಬುದು ಗೊತ್ತಾಗುತ್ತದೆ.

ಇನ್ನೊಂದು ಸಣ್ಣ ಪರೀಕ್ಷೆಯನ್ನೂ ಮಾಡಿ ನೋಡಿ. ಒಬ್ಬರ ಬಗ್ಗೆ ಬರೆದ ವಾಕ್ಯದಲ್ಲಿ ಅವರ ಹೆಸರನ್ನು ತೆಗೆದು ಇನ್ನೊಬ್ಬರ ಹೆಸರನ್ನು ಕೂರಿಸಿ. ವಾಕ್ಯ ಆಗಲೂ ಸರಿಯಾಗಿಯೇ ಇದ್ದರೆ ಅದು ಯಾರ ಬಗೆಗೂ ಬರೆದದ್ದಲ್ಲ. ‘ಅಮೂಲ್ಯ’, ‘ಅಪಾರ’, ‘ಅವಿರತ’, ‘ನಿಸ್ವಾರ್ಥ’ ಎಂಬ ಪದಗಳು ಈ ಪರೀಕ್ಷೆಯಲ್ಲಿ ಯಾವಾಗಲೂ ಸೋಲುತ್ತವೆ, ಏಕೆಂದರೆ ಅವು ಎಲ್ಲರ ಅಳತೆಗೂ ಹೊಂದುವ ಅಂಗಿಗಳು.

ಫೋನಿನಲ್ಲಿ ನಾವು ಮಾತಾಡಿದಾಗ, ಕರಡು ತಿದ್ದಿದ ನಿವೃತ್ತ ಉಪಾಧ್ಯಾಯರ ಬಗ್ಗೆ ‘ತುಂಬ ಸೂಕ್ಷ್ಮವಾಗಿ ನೋಡುತ್ತಾರೆ’ ಎಂದಷ್ಟೇ ನೀವು ಹೇಳಿದಿರಿ. ಯಾವ ಸೂಕ್ಷ್ಮ ಎಂದು ನಾನು ಕೇಳಿದ ಮೇಲೆ ಹೊರಬಿದ್ದ ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಇಡೀ ಪತ್ರಕ್ಕೆ ಇದೇ ಮಾದರಿ. 1995ರವರೆಗಿನ ಮುನ್ನೂರು ಸಂಚಿಕೆಗಳು ಅಚ್ಚುಮೊಳೆಯಲ್ಲಿ ಮುದ್ರಣಗೊಂಡವು. ಅವುಗಳ ಚಿತ್ರದಿಂದ ಯಂತ್ರವೇ ಅಕ್ಷರ ಗುರುತಿಸಿ ಕೊಟ್ಟ ಪಠ್ಯದಲ್ಲಿ ದ–ಧ, ಪ–ವಗಳ ಗೊಂದಲವನ್ನು ಎಲ್ಲರೂ ನಿರೀಕ್ಷಿಸಿದ್ದರು. ಆದರೆ ಒಂದು ದಿನ ಈ ಮೇಷ್ಟರು ‘ಕಂಪು’ ಎಂದು ಹುಡುಕಿದಾಗ, ಕಣ್ಣೆದುರಿಗೆ ಪುಟದಲ್ಲೇ ಇದ್ದ ಪದವನ್ನು ಗಣಕ ಇಲ್ಲವೆಂದಿತು. ಬೇರೆಯವರಾಗಿದ್ದರೆ ಯಂತ್ರದ ಹಣೆಬರಹ ಎಂದು ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಅವರು ಪದವನ್ನು ಒಂದೊಂದೇ ಅಕ್ಷರವಾಗಿ ಅಳಿಸಿ ನೋಡಿ, ಅಲ್ಲಿರುವುದು ‘ಕಂಪು’ ಅಲ್ಲ, ‘ಕ೦ಪು’ ಎಂದು ಕಂಡುಹಿಡಿದರು. ಓದುವ ಕಣ್ಣಿಗೆ ಎರಡೂ ಒಂದೇ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕೂತಿರುವುದು ಕನ್ನಡದ ಸೊನ್ನೆಯ ಅಂಕಿ. ಯೂನಿಕೋಡ್‌ನಲ್ಲಿ ಅನುಸ್ವಾರಕ್ಕೆ U+0C82 ಎಂಬ ಸಂಕೇತ, ಸೊನ್ನೆಗೆ U+0CE6 ಎಂಬ ಬೇರೆ ಸಂಕೇತ. ಆದ್ದರಿಂದ ಗಣಕದ ಪಾಲಿಗೆ ಅವು ಸಂಬಂಧವೇ ಇಲ್ಲದ ಎರಡು ಪದಗಳು. ಅನುಸ್ವಾರವಿಲ್ಲದ ಸಾಲು ಕನ್ನಡದಲ್ಲಿ ಎಷ್ಟಿದ್ದೀತು?

ಮುಂದಿನ ಭಾಗವೂ ಅಷ್ಟೇ ಮುಖ್ಯ. ತಪ್ಪನ್ನು ಕಂಡವರು ಮೇಷ್ಟರು, ಸರಿಪಡಿಸಿದವರು ನಿಮ್ಮ ತಂಡದ ತಂತ್ರಾಂಶದ ಹುಡುಗಿ. ಸೊನ್ನೆಗಳನ್ನೆಲ್ಲ ಒಂದೇಟಿಗೆ ಅನುಸ್ವಾರವಾಗಿಸಿದ್ದರೆ ೧೯೮೦ ಎಂಬ ಇಸವಿಯೂ ೫೦ ಎಂಬ ಚಂದಾದರವೂ ಕೆಡುತ್ತಿದ್ದವು ಎಂಬುದನ್ನು ಅವರು ಮೊದಲೇ ಯೋಚಿಸಿ, ಹಿಂದಿನದು ಅಂಕಿಯೋ ಚುಕ್ಕಿಯೋ ಖಾಲಿ ಜಾಗವೋ ಆಗಿರದೆ ಕನ್ನಡದ ಅಕ್ಷರವೇ ಆಗಿದ್ದರೆ ಮಾತ್ರ ಬದಲಿಸುವಂತೆ ನಿಯಮ ಬರೆದರು. ಸಾಮಾನ್ಯವಾಗಿ ಇಂಥ ಕಡೆ ಪತ್ರಗಳು ಎಡವುತ್ತವೆ: ಸರಿಪಡಿಸಿದವರ ಕೆಲಸ ಗಣಕದಲ್ಲಿ ದಾಖಲೆಯಾಗಿ ಉಳಿದಿರುತ್ತದೆ, ಕಂಡವರ ಕೆಲಸ ಒಂದು ಮಾತಾಗಿ ಗಾಳಿಗೆ ಹೋಗಿರುತ್ತದೆ, ಹಾಗಾಗಿ ಇಡೀ ಶ್ರೇಯಸ್ಸು ಒಬ್ಬರಿಗೇ ಸಲ್ಲುತ್ತದೆ. ಈ ಇಬ್ಬರಿಗೆ ನೀವು ಬರೆಯಬಹುದಾದ ವಾಕ್ಯಗಳನ್ನು ನಾನು ಹೀಗೆ ಕಲ್ಪಿಸಿಕೊಳ್ಳುತ್ತೇನೆ. ಹೆಸರಿನ ಜಾಗದಲ್ಲಿ ಕೆಲಸದ ಗುರುತನ್ನಷ್ಟೇ ಇಟ್ಟಿದ್ದೇನೆ.

‘ಪುಟದಲ್ಲಿ ಕಾಣುವ ಪದ ಹುಡುಕಿದರೆ ಸಿಗದಿರುವುದಕ್ಕೆ ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿರುವುದೇ ಕಾರಣ ಎಂದು ಮೊದಲು ಕಂಡುಹಿಡಿದವರು ನಮ್ಮ ಕರಡು ತಿದ್ದಿದ ಮೇಷ್ಟರು. ಆವರೆಗೆ ಮುಗಿದಿವೆ ಎಂದು ನಾವು ಬದಿಗಿಟ್ಟಿದ್ದ ಸಂಚಿಕೆಗಳನ್ನು ಮತ್ತೆ ತೆರೆಯಬೇಕು ಎಂದು ಹೇಳುವುದು ಸುಲಭವಿರಲಿಲ್ಲ, ಅವರು ಹೇಳಿದರು. ಇಸವಿ, ಬೆಲೆ, ಪುಟಸಂಖ್ಯೆಗಳು ಕೆಡದಂತೆ ಆ ಸೊನ್ನೆಗಳನ್ನಷ್ಟೇ ಬದಲಿಸುವ ನಿಯಮವನ್ನು ಬರೆದವರು ನಮ್ಮ ತಂತ್ರಾಂಶ ನೋಡಿಕೊಂಡವರು. ಈಗ ಓದುಗರು ಹುಡುಕಿದ ಪದ ಸಿಗುತ್ತಿರುವುದು ಈ ಇಬ್ಬರಿಂದ.’

ಇಲ್ಲಿ ಹೊಗಳಿಕೆಯ ವಿಶೇಷಣ ಒಂದೂ ಇಲ್ಲ ಎಂಬುದನ್ನು ನೋಡಿ. ಯಾರು, ಏನನ್ನು, ಯಾವ ಸಂದರ್ಭದಲ್ಲಿ ಮಾಡಿದರು, ಅದರಿಂದ ಏನು ಬದಲಾಯಿತು ಎಂಬಷ್ಟನ್ನೇ ಹೇಳಿದೆ. ಈ ನಾಲ್ಕು ಸಂಗತಿಗಳು ಸಿಕ್ಕರೆ ವಾಕ್ಯ ತಾನಾಗಿ ಬರುತ್ತದೆ, ಒಂದು ಸಿಗದಿದ್ದರೂ ನಮ್ಮ ಕೈ ‘ಅಮೂಲ್ಯ’ದ ಕಡೆಗೆ ಚಾಚುತ್ತದೆ.

ಹಾಗಾದರೆ ಉಳಿದ ಆರು ಜನರ ಬಗ್ಗೆ ಇಂಥ ಸಂಗತಿಗಳನ್ನು ಎಲ್ಲಿಂದ ತರುವುದು? ನೆನಪನ್ನು ನಂಬಬೇಡಿ. ಹದಿನಾಲ್ಕು ತಿಂಗಳ ಕೆಲಸದಲ್ಲಿ ಕೊನೆಯ ಎರಡು ತಿಂಗಳ ಗಡಿಬಿಡಿ ಮಾತ್ರ ನಮಗೆ ಬಣ್ಣ ಕಟ್ಟಿ ನೆನಪಿರುತ್ತದೆ, ಆಗ ಎದುರಿಗಿದ್ದವರೇ ಇಡೀ ಕೆಲಸ ಮಾಡಿದಂತೆ ತೋರುತ್ತದೆ. ಮೊದಲ ತಿಂಗಳುಗಳಲ್ಲಿ ಹಳೆಯ ಸಂಚಿಕೆಗಳನ್ನು ಕೂಡಿಸಿದ ನಿಮ್ಮ ಗ್ರಂಥಪಾಲಕರು ಮಾತಿನಲ್ಲಿ ಒಮ್ಮೆಯೂ ಬರಲಿಲ್ಲ, ನಾನೇ ಕೇಳಬೇಕಾಯಿತು. ಎರಡನೆಯ ಕಾರಣ, ಆಗದಂತೆ ತಡೆದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ. ಲೇಖಕರಿಗೆ, ತೀರಿಕೊಂಡ ಲೇಖಕರ ಮನೆಯವರಿಗೆ ಪತ್ರ ಬರೆದು ಅನುಮತಿ ತರಿಸಿದವರು ನಿಮ್ಮ ತಂಡದಲ್ಲಿದ್ದಾರೆ. ನಮ್ಮ ದೇಶದಲ್ಲಿ ಬರಹದ ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಉಳಿಯುವುದರಿಂದ, ನಿಮ್ಮ ಪತ್ರಿಕೆಯ ಬಹುಪಾಲು ಬರಹಗಳಿಗೆ ಈ ಅನುಮತಿ ಬೇಕೇ ಬೇಕಿತ್ತು. ಅವರು ಕೆಲಸವನ್ನು ಸರಿಯಾಗಿ ಮಾಡಿದ್ದರಿಂದ ಏನೂ ಆಗಲಿಲ್ಲ, ಏನೂ ಆಗದ್ದರಿಂದ ಅವರು ಮಾಡಿದ್ದು ಯಾರಿಗೂ ಕಾಣಲಿಲ್ಲ.

ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಒಂದು ಸಂಜೆ ಕೂತು ಯೋಜನೆಯ ಮಿಂಚಂಚೆ, ವಾಟ್ಸಾಪ್ ಗುಂಪು, ಹಾಜರಿ ಪುಸ್ತಕ, ಕೆಲಸ ಹಂಚಿದ ಹಾಳೆ ಇವನ್ನು ಮೊದಲ ದಿನದಿಂದ ಹಿಡಿದು ಕಣ್ಣಾಡಿಸುತ್ತೇನೆ. ಹಿಂದಿನಿಂದ ಮುಂದಕ್ಕೆ, ತಿರುಗಿಸಿ ಅಲ್ಲ. ಆಮೇಲೆ ತಂಡದ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ‘ಯಾರ ಸಹಾಯ ಇಲ್ಲದಿದ್ದರೆ ನಿಮ್ಮ ಕೆಲಸ ನಿಂತುಹೋಗುತ್ತಿತ್ತು, ಯಾವಾಗ?’ ನೀವು ಏನು ಮಾಡಿದಿರಿ ಎಂದು ಕೇಳಿದರೆ ನಮ್ಮವರು ಸಂಕೋಚಪಟ್ಟು ‘ಅಯ್ಯೋ, ನಾನೇನು ಮಾಡಿದೆ’ ಎನ್ನುತ್ತಾರೆ, ಇಲ್ಲವೇ ಸಂಕೋಚವಿಲ್ಲದವರು ಒಂದು ಪುಟ ಹೇಳುತ್ತಾರೆ. ಇನ್ನೊಬ್ಬರ ಬಗ್ಗೆ ಕೇಳಿದರೆ ಇಬ್ಬರೂ ನಿಜ ಹೇಳುತ್ತಾರೆ. ನೀವು ಹೀಗೆ ಕೇಳಿದ್ದರಿಂದಲೇ ಸ್ಕ್ಯಾನ್ ಮಾಡಿದ ವಿದ್ಯಾರ್ಥಿಯ ಸಂಗತಿ ಗೊತ್ತಾಯಿತು. ಸುಮಾರು 26 ಸಾವಿರ ಪುಟಗಳನ್ನು ಸ್ಕ್ಯಾನ್ ಮಾಡಿದ್ದು ನಿಮಗೆ ತಿಳಿದಿತ್ತು. ಹಿಂದಿನ ಪುಟದ ಮಸಿ ಮುಂದಿನ ಬದಿಗೆ ಕಾಣುತ್ತಿದ್ದ ತೆಳುಹಾಳೆಯ ಸಂಚಿಕೆಗಳಲ್ಲಿ ಪ್ರತಿ ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟು ಮತ್ತೊಮ್ಮೆ ತೆಗೆದದ್ದು ಕರಡು ತಿದ್ದುವವರಿಗೆ ಮಾತ್ರ ತಿಳಿದಿತ್ತು. ಪತ್ರಕ್ಕೆ ಬೇಕಾದದ್ದು ಎರಡನೆಯದು. ಪುಟಗಳ ಸಂಖ್ಯೆ ಯಂತ್ರದ ಅಳತೆ, ಕಪ್ಪು ಕಾಗದ ಅವರ ಬುದ್ಧಿ.

ಸಾಲುಗಳ ಲೆಕ್ಕದ ಬಗ್ಗೆ ನಿಮಗಿರುವ ಭಯಕ್ಕೆ ಬರುತ್ತೇನೆ. ಎಲ್ಲರಿಗೂ ಸಮಾನವಾಗಿ ಎರಡೆರಡು ಸಾಲು ಅಳೆದು ಕೊಟ್ಟರೆ ಯಾರಿಗೂ ಬೇಸರವಾಗದು ಎಂಬುದು ಬಹಳ ಹಬ್ಬಿರುವ ನಂಬಿಕೆ. ನನ್ನ ಅನುಭವದಲ್ಲಿ ಜನ ಸಾಲು ಎಣಿಸುವುದು ಸಾಲಿನೊಳಗೆ ಏನೂ ಇಲ್ಲದಿದ್ದಾಗ ಮಾತ್ರ. ಒಬ್ಬರಿಗೆ ಕಪ್ಪು ಕಾಗದದಂಥ ಒಂದು ಖಚಿತ ವಾಕ್ಯ, ಇನ್ನೊಬ್ಬರಿಗೆ ‘ಇವರ ಸೇವೆ ಸ್ಮರಣೀಯ’ ಎಂಬ ಮೂರು ಸಾಲು ಕೊಟ್ಟು ನೋಡಿ, ಬೇಸರವಾಗುವುದು ಮೂರು ಸಾಲಿನವರಿಗೆ. ನೀವು ಸಮವಾಗಿ ಹಂಚಬೇಕಾದದ್ದು ಖಚಿತತೆಯನ್ನು. ಸಾಲುಗಳು ಎರಡೋ ಮೂರೋ ಆಗಲಿ, ಒಬ್ಬರಿಗೆ ಹತ್ತು ಆಗದಂತೆ ನೋಡಿಕೊಂಡರೆ ಸಾಕು. ಎಂಟು ಜನರಿಗೆ ಹೀಗೆ ಬರೆದರೆ ಒಂದೂವರೆ ಪುಟವಾಗುತ್ತದೆ, ಅದಕ್ಕಿಂತ ಉದ್ದವಾದರೆ ತಂಡದವರು ತಮ್ಮ ಹೆಸರಿನ ಭಾಗವನ್ನಷ್ಟೇ ಓದುತ್ತಾರೆ.

ಹೆಸರುಗಳ ಕ್ರಮ ಇನ್ನೊಂದು ತಲೆನೋವು. ಹುದ್ದೆಯ ಪ್ರಕಾರ ಬರೆದರೆ ಅದು ಆಮಂತ್ರಣ ಪತ್ರಿಕೆಯಾಗುತ್ತದೆ. ಅಕಾರಾದಿಯಲ್ಲಿ ಬರೆದರೆ ಯಾರೂ ಆಕ್ಷೇಪಿಸುವಂತಿಲ್ಲ, ಆದರೆ ಕೆಲಸದ ಕಥೆ ತುಂಡುತುಂಡಾಗುತ್ತದೆ. ನಿಮ್ಮಂಥ ಯೋಜನೆಗೆ ಸಂಚಿಕೆ ನಡೆದ ದಾರಿಯಲ್ಲೇ ಹೋಗುವುದು ಮೇಲು: ಕೂಡಿಸಿದವರು, ಸ್ಕ್ಯಾನ್ ಮಾಡಿದವರು, ಹಳೆಯ ಫೈಲು ಪರಿವರ್ತಿಸಿದವರು, ತಿದ್ದಿದವರು, ಸೂಚಿ ಮಾಡಿದವರು, ಅನುಮತಿ ತಂದವರು. ‘ಸಂಚಿಕೆ ಯಾರ ಕೈಯಿಂದ ಯಾರ ಕೈಗೆ ಹೋಯಿತೋ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ’ ಎಂದು ಮೊದಲ ಪ್ಯಾರಾದಲ್ಲೇ ಹೇಳಿಬಿಟ್ಟರೆ ಮೊದಲು ಬಂದವರು ದೊಡ್ಡವರು ಎಂಬ ಅರ್ಥ ಹೊರಡುವುದಿಲ್ಲ. ಇದರಲ್ಲಿ ಇನ್ನೊಂದು ಲಾಭವೂ ಇದೆ. 1996ರಿಂದ ಮುಂದಿನ ನೂರೆಂಟು ಸಂಚಿಕೆಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳ ಫೈಲುಗಳಾಗಿದ್ದವಷ್ಟೆ. ನುಡಿ ತಂತ್ರಾಂಶದ ಅಂಥ ಫೈಲನ್ನು ಸರಿಯಾದ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ‘ಕರ್ನಾಟಕ’ ಎಂಬ ಪದ PÀ£ÁðlPÀ ಎಂದು ಕಾಣುತ್ತದೆ. ಅಲ್ಲಿ ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಈ ಹಿಂದುಮುಂದನ್ನು ಸರಿಮಾಡಿದ ಕೆಲಸದ ತೂಕ, ಅದರ ಮುಂದಿನ ಪ್ಯಾರಾದಲ್ಲಿ ಕರಡು ತಿದ್ದಿದವರ ಮಾತು ಬಂದಾಗಲೇ ಓದುವವರಿಗೆ ತಿಳಿಯುತ್ತದೆ. ಅರ್ಕಾವತ್ತು ಮೊದಲೇ ಸರಿಹೋಗಿದ್ದರಿಂದ ಅವರ ಪಾಲಿಗೆ ಆ ನೂರೆಂಟು ಸಂಚಿಕೆಗಳಲ್ಲಿ ಮುದ್ರಣದೋಷ ಮಾತ್ರ ಉಳಿದಿತ್ತು.

ಗೌರವಸೂಚಕಗಳಲ್ಲಿ ಏಕರೂಪತೆ ಇರಲಿ. ನಿಮ್ಮ ಕರಡಿನಲ್ಲಿ ಐವರು ‘ಶ್ರೀಯುತ’, ಇಬ್ಬರು ‘ಶ್ರೀಮತಿ’, ಸ್ಕ್ಯಾನ್ ಮಾಡಿದ ಹುಡುಗ ಮಾತ್ರ ಬರೀ ಹೆಸರು. ಮಾತಿನಲ್ಲಿ ನೀವು ಅವನನ್ನು ಏಕವಚನದಲ್ಲಿ ಕರೆಯುವುದು ಪ್ರೀತಿಯಿಂದಲೇ, ಅದು ಅವನಿಗೂ ಗೊತ್ತು. ಆದರೆ ಈ ಪತ್ರವನ್ನು ಅವನು ನಾಳೆ ಕೆಲಸ ಕೇಳಲು ಹೋದಲ್ಲಿ ತೋರಿಸಬಹುದು. ಅಲ್ಲಿ ಅವನೂ ‘ಅವರು’ ಆಗಿಯೇ ಇರಬೇಕು. ಹಾಗೆಯೇ ಹೆಸರಿನ ಮುಂದೆ ‘ರವರು’ ಎಂದು ಬರೆಯುವ ಕಚೇರಿಯ ಚಾಳಿ ಬಿಟ್ಟು ‘ಅವರು’ ಎಂದೇ ಬರೆಯಿರಿ. ಇನಿಷಿಯಲ್ ಮತ್ತು ಹೆಸರಿನ ಕಾಗುಣಿತವನ್ನು ಅವರವರ ಸಹಿಯ ಜೊತೆ ತಾಳೆ ನೋಡಿ. ಕರಡು ತಿದ್ದುವವರ ಹೆಸರಿನಲ್ಲೇ ಅಲ್ಪಪ್ರಾಣ–ಮಹಾಪ್ರಾಣ ತಪ್ಪಿದರೆ ಪತ್ರದ ಗತಿ ಏನಾದೀತು ಎಂದು ನಾನು ಹೇಳಬೇಕಿಲ್ಲ.

ಅರ್ಧದಲ್ಲಿ ಬಿಟ್ಟುಹೋದವರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಲೇಖಕರ ಸೂಚಿಯ ಚೌಕಟ್ಟನ್ನು ಹಾಕಿಕೊಟ್ಟವರು ಅವರು. ಒಬ್ಬರೇ ಲೇಖಕರು ಮೂರು ಕಾವ್ಯನಾಮಗಳಲ್ಲಿ ಬರೆದಿದ್ದರೆ ಮೂರನ್ನೂ ನಿಜನಾಮದ ಕೆಳಗೆ ತರುವ ಪದ್ಧತಿ ಅವರದು, ಅವರು ಹೋದ ಮೇಲೂ ಕೊನೆಯವರೆಗೆ ಅದೇ ನಡೆಯಿತು. ಇಷ್ಟನ್ನು ಅವರ ಸರದಿ ಬಂದಲ್ಲಿ ಬರೆಯಿರಿ. ಯಾಕೆ ಹೋದರು, ಯಾವಾಗ ಹೋದರು ಎಂಬುದು ಪತ್ರಕ್ಕೆ ಬೇಡ. ‘ಕಾರಣಾಂತರಗಳಿಂದ ಮುಂದುವರಿಯಲಾಗದಿದ್ದರೂ’ ಎಂಬ ಮಾತಂತೂ ಬೇಡವೇ ಬೇಡ, ಅದನ್ನು ಓದಿದವರೆಲ್ಲ ಕಾರಣವನ್ನೇ ಹುಡುಕುತ್ತಾರೆ. ಪತ್ರದ ಪ್ರತಿಯನ್ನು ಅವರ ಈಗಿನ ವಿಳಾಸಕ್ಕೆ ಕಳಿಸಿ.

ಕೆಲಸ ಚೆನ್ನಾಗಿರದವರ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ನಿಮಗೆ ಮೂರು ದಾರಿಗಳಿವೆ. ಹೆಸರು ಬಿಡುವುದು ಒಂದು. ಅದು ಬಹಿರಂಗ ಶಿಕ್ಷೆಯಾಗುತ್ತದೆ, ಕೃತಜ್ಞತಾ ಪತ್ರ ಅದಕ್ಕೆ ಸ್ಥಳವಲ್ಲ. ಎಲ್ಲರಂತೆ ಹೊಗಳುವುದು ಇನ್ನೊಂದು. ಅವರ ಸಂಚಿಕೆಗಳನ್ನು ಎರಡನೆಯ ಸಲ ಓದಿದ ಸಹೋದ್ಯೋಗಿಗಳು ಅದನ್ನು ನೋಡಿದ ಕ್ಷಣದಲ್ಲಿ ತಮ್ಮ ಬಗ್ಗೆ ನೀವು ಬರೆದ ನಿಜವನ್ನೂ ಅನುಮಾನಿಸುತ್ತಾರೆ. ಆಗಿರುವಷ್ಟನ್ನೇ ಬರೆಯುವುದು ಮೂರನೆಯದು, ನಾನು ಸೂಚಿಸುವುದು ಇದನ್ನೇ. ‘1980ರಿಂದ 1983ರವರೆಗಿನ ಸಂಚಿಕೆಗಳ ಮೊದಲ ಓದನ್ನು ಅವರು ಮಾಡಿದರು’ ಎಂಬುದು ನಿಜ, ಗೌರವದ ಮಾತು, ಅಲ್ಲಿಗೆ ನಿಲ್ಲಿಸಿ. ಅವರ ಬಗ್ಗೆ ಬೇರೆಯವರನ್ನು ಕೇಳಿದಾಗ ಇನ್ನೇನಾದರೂ ಸಿಕ್ಕೀತು. ನಿಮ್ಮ ಊರಿನ ಕಡೆಯ ಹಳೆಯ ಪದಗಳನ್ನು ಯಂತ್ರದ ತಪ್ಪೆಂದು ಬೇರೆಯವರು ತಿದ್ದಲು ಹೊರಟಾಗ ತಡೆದವರು ಅವರೇ ಎಂದು ಮೇಷ್ಟರು ನೆನಪಿಸಿದರಲ್ಲ, ಹಾಗೆ. ಕೆಲಸದ ಕೊರತೆಯ ಬಗ್ಗೆ ಮಾತಾಡುವುದಿದ್ದರೆ ಬೇರೆ ದಿನ, ಎದುರು ಕೂತು, ಬೇರೆ ಯಾರೂ ಇಲ್ಲದಾಗ ಮಾತಾಡಿ.

ಒಳ್ಳೆಯ ಉದ್ದೇಶದಿಂದಲೇ ಆಗುವ ಎರಡು ಅಪಾಯಗಳನ್ನು ಹೇಳಬೇಕು. ‘ಹಗಲು ರಾತ್ರಿಯೆನ್ನದೆ ದುಡಿದರು’ ಎಂದು ಒಬ್ಬರ ಬಗ್ಗೆ ಬರೆದರೆ, ಸಂಜೆ ಆರಕ್ಕೆ ಮಕ್ಕಳನ್ನು ಕರೆತರಲು ಹೋಗುತ್ತಿದ್ದವರು ಕಡಿಮೆ ದುಡಿದಂತಾಗುತ್ತದೆ. ಮುಂದಿನ ಯೋಜನೆಯಲ್ಲಿ ರಾತ್ರಿ ಕೂರುವುದೇ ನಿಷ್ಠೆಯ ಅಳತೆಯಾಗುತ್ತದೆ. ಗಂಟೆಗಳ ಬದಲು ಅವರು ತೆಗೆದುಕೊಂಡ ನಿರ್ಧಾರವನ್ನು ಬರೆಯಿರಿ. ಹಾಗೆಯೇ ‘ತಾಯಿ ಆಸ್ಪತ್ರೆಯಲ್ಲಿದ್ದರೂ ಕೆಲಸ ಬಿಡಲಿಲ್ಲ’ ಎಂಬಂಥ ಮನೆಯ ಸಂಗತಿಗಳು ಕೇಳಲು ಮನಮುಟ್ಟುತ್ತವೆ, ಆದರೆ ಅವು ನಿಮ್ಮ ಸ್ವತ್ತಲ್ಲ. ಅವರನ್ನು ಕೇಳದೆ ಬರೆಯಬೇಡಿ; ಕೇಳುವುದಕ್ಕೆ ಸಂಕೋಚವಾದರೆ ಅದೇ ಬರೆಯಬಾರದೆಂಬುದಕ್ಕೆ ಗುರುತು. ಕೆಲವರಿಗೆ ಹತ್ತು ಜನರೆದುರು ಹೆಸರು ಬರುವುದೇ ಇಷ್ಟವಿರುವುದಿಲ್ಲ. ಅವರಿಗೆ ಸಾಮೂಹಿಕ ಪತ್ರದಲ್ಲಿ ಒಂದು ವಾಕ್ಯ ಸಾಕು, ಉಳಿದದ್ದನ್ನು ಕೈಬರಹದ ಚೀಟಿಯಲ್ಲಿ ಬರೆದುಕೊಡಿ.

ಕಳಿಸುವ ಮುನ್ನ ಪ್ರತಿಯೊಬ್ಬರಿಗೂ ಅವರ ಪ್ಯಾರಾದ ಸಂಗತಿಯನ್ನು ಮಾತ್ರ ತೋರಿಸಿ, ‘ಹೀಗೆ ನಡೆದದ್ದು ಸರಿಯೇ?’ ಎಂದು ಕೇಳಿ. ‘ಇಷ್ಟು ಬರೆದರೆ ಸಾಕೇ?’ ಎಂದು ಕೇಳಿದರೆ ಚೌಕಾಸಿ ಶುರುವಾಗುತ್ತದೆ. ಇಬ್ಬರು ಒಂದೇ ಕೆಲಸವನ್ನು ತಮ್ಮದೆಂದರೆ, ಮೇಷ್ಟರ ಮತ್ತು ತಂತ್ರಾಂಶದವರ ಸಂಗತಿಯಂತೆ, ಕಂಡವರು ಯಾರು, ಸರಿಪಡಿಸಿದವರು ಯಾರು ಎಂದು ಬಿಡಿಸಿ ನೋಡಿ. ಬಹುತೇಕ ಸಲ ಇಬ್ಬರೂ ಹೇಳುತ್ತಿರುವುದು ನಿಜವೇ ಆಗಿರುತ್ತದೆ. ಇನ್ನು ಯಾರದಾದರೂ ಗೌರವಧನ ಬಾಕಿಯಿದ್ದರೆ ಮೊದಲು ಅದನ್ನು ಪಾವತಿ ಮಾಡಿ. ಬರಬೇಕಾದ ಹಣ ಬಾರದೆ ಕೃತಜ್ಞತೆ ಮೊದಲು ಬಂದರೆ ಅದು ಬೇರೆಯೇ ಅರ್ಥ ಕೊಡುತ್ತದೆ.

ಹಿರಿಯರು ಹೇಳಿದ ಎರಡು ಸಾಲು ಯಾವಾಗ ಸರಿ? ಸಂಗತಿಗಳನ್ನು ಕೂಡಿಸಲು ನಿಮಗೆ ನಿಜಕ್ಕೂ ಪುರುಸೊತ್ತಿಲ್ಲದಿದ್ದರೆ, ಅರ್ಧ ತಿಳಿದು ಬರೆದ ಪುಟಕ್ಕಿಂತ ಆ ಎರಡು ಸಾಲು ಮೇಲು. ಯಾವುದೇ ಕಾರಣಕ್ಕೂ ಬೇಡದ ದಾರಿ ಇವೆರಡರ ನಡುವಿನದು: ‘ವಿಶೇಷವಾಗಿ’ ಎಂದು ಮೂರು ಹೆಸರು ಹೇಳಿ ‘ಮುಂತಾದವರು’ ಎಂದು ಮುಗಿಸುವುದು. ಎಂಟು ಜನರ ತಂಡದಲ್ಲಿ ‘ಮುಂತಾದವರು’ ಯಾರೆಂದು ಐದು ಜನರಿಗೆ ಚೆನ್ನಾಗಿ ಗೊತ್ತಿರುತ್ತದೆ. ವಂದನಾರ್ಪಣೆಯ ಕೊನೆಯಲ್ಲಿ ಬರುವ ‘ಯಾರ ಹೆಸರನ್ನಾದರೂ ಬಿಟ್ಟಿದ್ದರೆ ಕ್ಷಮೆಯಿರಲಿ’ ಎಂಬ ಮಾತನ್ನೂ ಬಿಡಿ. ಹುಡುಕುವ ಮೊದಲೇ ಕ್ಷಮೆ ಕೇಳಿದಂತಿರುತ್ತದೆ ಅದು. ಅಷ್ಟಾದರೂ ಒಬ್ಬರ ಹೆಸರು ತಪ್ಪಿಹೋದರೆ ‘ಬಿಟ್ಟುಹೋದ ಹೆಸರು’ ಎಂದು ಬಾಲ ಸೇರಿಸದೆ, ಅವರ ಪ್ಯಾರಾವನ್ನು ಅದರ ಸ್ಥಳದಲ್ಲಿಟ್ಟು ಇಡೀ ಪತ್ರವನ್ನು ಎಲ್ಲರಿಗೂ ಮತ್ತೆ ಕಳಿಸಿ. ತಪ್ಪು ನನ್ನದು ಎಂದು ಒಂದೇ ವಾಕ್ಯದಲ್ಲಿ ಹೇಳಿದರೆ ಸಾಕು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಗಾಗಿ ಇಂಥದೇ ಹಳೆಯ ಸಂಪುಟಗಳ ಕೆಲಸ ಮಾಡಿಸಿದ್ದೆ. ಪತ್ರ ಬರೆದೆ, ಹೆಸರುಗಳನ್ನು ಮೂರು ಸಲ ತಾಳೆ ನೋಡಿದೆ, ಎಲ್ಲರೂ ಮೆಚ್ಚಿದರು. ತಿಂಗಳಾದ ಮೇಲೆ ನಮ್ಮ ಬೈಂಡರ್ ಸಿಕ್ಕಾಗ ‘ಪುಸ್ತಕ ಹೇಗೆ ಬಂತು ಸಾರ್, ಹುಡುಗರು ನಿಮ್ಮ ಪತ್ರ ಏನೋ ಓದುತ್ತಿದ್ದರು’ ಎಂದರು. ಸಂಪುಟಗಳ ಹೊಲಿಗೆಯನ್ನು ಒಂದು ಹಾಳೆಯೂ ಹರಿಯದಂತೆ ಬಿಚ್ಚಿಕೊಟ್ಟವರು, ಸ್ಕ್ಯಾನ್ ಆದ ಮೇಲೆ ಅದೇ ಹಳೆಯ ರಟ್ಟಿಗೆ ಮತ್ತೆ ಹೊಲಿದುಕೊಟ್ಟವರು ಅವರು. ಬಿಚ್ಚದಿದ್ದರೆ ಪ್ರತಿ ಪುಟದ ಒಳಬದಿಯ ಅಕ್ಷರಗಳು ಮಡಿಕೆಯೊಳಗೆ ಬಾಗಿ, ಯಂತ್ರ ಅವನ್ನು ಗುರುತಿಸುವುದೇ ಆಗುತ್ತಿರಲಿಲ್ಲ. ಆದರೆ ಅವರಿಗೆ ಬಿಲ್ಲಿನ ಮೇಲೆ ಹಣ ಕೊಟ್ಟಿದ್ದೆವು, ನನ್ನ ತಂಡದ ಪಟ್ಟಿಯಲ್ಲಿ ಅವರಿರಲಿಲ್ಲ. ಬಿಲ್ ಕೊಟ್ಟವರು ತಂಡದವರಲ್ಲ ಎಂದು ನಾನು ಯಾವತ್ತೂ ತೀರ್ಮಾನಿಸಿರಲಿಲ್ಲ. ಯೋಚಿಸಿಯೇ ಇರಲಿಲ್ಲ ಅಷ್ಟೆ.

ನಿಮ್ಮ ಸಂಪುಟಗಳ ಹೊಲಿಗೆಯನ್ನು ಬಿಚ್ಚಿದವರು ಯಾರು ಎಂದು ಫೋನಿನಲ್ಲಿ ಕೇಳಿದಾಗ ನೀವು ಸ್ವಲ್ಪ ಹೊತ್ತು ಸುಮ್ಮನಾದಿರಿ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ ಎಂದು ಇಟ್ಟುಕೊಳ್ಳಿ. ಗ್ರಂಥಪಾಲಕರ ಪ್ಯಾರಾ ಆದ ಮೇಲೆ, ಸ್ಕ್ಯಾನ್ ಮಾಡಿದವರ ಪ್ಯಾರಾಕ್ಕೆ ಮೊದಲು ಅವರ ಜಾಗ. ಅವರಿಗೆ ಮಿಂಚಂಚೆ ಇಲ್ಲವೆಂದಿರಿ. ಪತ್ರವನ್ನು ಸಂಘದ ಲೆಟರ್‌ಹೆಡ್ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಸಹಿ ಮಾಡಿ, ಅಂಗಡಿಗೆ ನೀವೇ ತೆಗೆದುಕೊಂಡು ಹೋಗಿ. ಜೊತೆಗೆ ಅವರು ಹೊಲಿದ ಸಂಪುಟಗಳಲ್ಲಿ ಒಂದನ್ನೂ, ಅದರ ಪುಟ ತೆರೆದು ತೋರಿಸಲು ಒಂದು ಫೋನನ್ನೂ ಒಯ್ಯಿರಿ.